ನಾಲ್ಕು ದಿನ ಜಾಸ್ತಿಯಾದ ಮಗು

(2024ರ ಡಿಸೆಂಬರ್‌ನಲ್ಲಿ ಉದ್ಯೋಗಿಗಳ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಇದರಲ್ಲಿರುವ ಕಾಯ್ದೆ, ನಿಯಮಗಳು ಆಗಿನವು; 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್‌ನಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ)

ಎಲ್ಲರಿಗೂ ನಮಸ್ಕಾರ. ಇವತ್ತು ಮಾತಾಡೋದು ರಜೆ ಬಗ್ಗೆ. ಹೆರಿಗೆ ರಜೆ ನಿಮಗೆಲ್ಲ ಗೊತ್ತೇ ಇದೆ. ಮಗುವನ್ನು ದತ್ತು ತಗೊಂಡವರಿಗೆ ಏನು ಸಿಗುತ್ತೆ, ಅಪ್ಪನಿಗೆ ಏನು ಸಿಗುತ್ತೆ ಅನ್ನೋದು ಅಷ್ಟು ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ, ಒಂದು ಅರ್ಜಿಯನ್ನು ನನ್ನ ಕೈಯಾರೆ ತಿರಸ್ಕರಿಸುವವರೆಗೆ.

ನಾನು ಬಹಳ ವರ್ಷ ಒಂದು ಖಾಸಗಿ ಕಂಪನಿಯ ಎಚ್‌ಆರ್ ವಿಭಾಗದಲ್ಲಿದ್ದೆ. 2023ರ ಏಪ್ರಿಲ್‌ನಲ್ಲಿ ನಮ್ಮಲ್ಲೇ ಕೆಲಸ ಮಾಡುತ್ತಿದ್ದ ಒಬ್ಬರು ದತ್ತು ರಜೆಗೆ ಅರ್ಜಿ ಕೊಟ್ಟರು. ಜೊತೆಗೆ ಮಗುವಿನ ಜನನ ಪ್ರಮಾಣಪತ್ರ, ಮಗುವನ್ನು ಅವರ ಕೈಗೆ ಒಪ್ಪಿಸಿದ ಪತ್ರ. ನಾನು ಎರಡೂ ಕಾಗದ ಪಕ್ಕ ಪಕ್ಕ ಇಟ್ಟುಕೊಂಡೆ. ಹುಟ್ಟಿದ್ದು ಜನವರಿ 10. ಒಪ್ಪಿಸಿದ್ದು ಏಪ್ರಿಲ್ 14. ಮೂರು ತಿಂಗಳು, ನಾಲ್ಕು ದಿನ. ಕಾಯ್ದೆ ಹೇಳೋದು ಮೂರು ತಿಂಗಳಿಗಿಂತ ಕಡಿಮೆ ಅಂತ. ಎರಡು ಸಾಲಿನ ಮೇಲ್ ಬರೆದೆ: ನಿಯಮದ ಪ್ರಕಾರ ನೀವು ಅರ್ಹರಲ್ಲ, ಗಳಿಕೆ ರಜೆ ಬಳಸಿಕೊಳ್ಳಬಹುದು. ಅವರ ಖಾತೆಯಲ್ಲಿ 18 ದಿನ ಗಳಿಕೆ ರಜೆ ಇತ್ತು. ಅದು ಮುಗಿದ ಮೇಲೆ ಸಂಬಳವಿಲ್ಲದ ರಜೆ.

ಅವರು ಜಗಳ ಆಡಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದರು. "ಇನ್ನೂ ಬೇಗ ಮಗು ತರೋಕೆ ನಾನು ಏನು ಮಾಡಬೇಕಿತ್ತು, ಹೇಳಿ ಮೇಡಂ." ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಕೂತು ದಿನ ಲೆಕ್ಕ ಹಾಕಿದೆ. ಇವತ್ತಿನ ಮಾತು ಮುಖ್ಯವಾಗಿ ಆ ಲೆಕ್ಕದ್ದೇ.

ಮೊದಲು ಕಾಯ್ದೆ ಏನು ಹೇಳುತ್ತೆ ನೋಡೋಣ. ಹೆರಿಗೆ ಸೌಲಭ್ಯ ಕಾಯ್ದೆ 1961ರದ್ದು. 2017ರ ತಿದ್ದುಪಡಿಯಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಅದರಲ್ಲಿ 8 ವಾರವನ್ನು ಹೆರಿಗೆಗೆ ಮೊದಲೇ ತಗೊಳ್ಳಬಹುದು. ಎರಡು ಮಕ್ಕಳಿದ್ದು ಮೂರನೇ ಹೆರಿಗೆಯಾದರೆ 12 ವಾರ ಮಾತ್ರ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಆ ಕಂಪನಿಯಲ್ಲಿ ಕೆಲಸ ಮಾಡಿರಬೇಕು. ರಜೆಯ ಸಂಬಳ ಪೂರ್ತಿ ಕೊಡಬೇಕಾದ್ದು ಮಾಲೀಕರು. ಇಎಸ್‌ಐ ವ್ಯಾಪ್ತಿಯಲ್ಲಿದ್ದರೆ, ಅಂದರೆ ಸಂಬಳ ತಿಂಗಳಿಗೆ 21,000 ರೂಪಾಯಿ ಮೀರದಿದ್ದರೆ, ಆ ದುಡ್ಡು ಇಎಸ್‌ಐನಿಂದ ಬರುತ್ತೆ.

ಅದೇ 2017ರ ತಿದ್ದುಪಡಿಯಲ್ಲಿ ದತ್ತು ತಾಯಿಗೂ ಮೊದಲ ಸಲ ಜಾಗ ಸಿಕ್ಕಿತು. ಐದನೇ ಸೆಕ್ಷನ್‌ನ ನಾಲ್ಕನೇ ಉಪ ಸೆಕ್ಷನ್. ಮೂರು ತಿಂಗಳಿಗಿಂತ ಚಿಕ್ಕ ಮಗುವನ್ನು ಕಾನೂನುಬದ್ಧವಾಗಿ ದತ್ತು ತಗೊಂಡ ಮಹಿಳೆಗೆ, ಮಗುವನ್ನು ಕೈಗೆ ಒಪ್ಪಿಸಿದ ದಿನದಿಂದ 12 ವಾರ. ಬಾಡಿಗೆ ತಾಯಿಯ ಮೂಲಕ ಮಗು ಪಡೆದ ತಾಯಿಗೂ ಇದೇ ವಾಕ್ಯದಲ್ಲಿ 12 ವಾರ ಇದೆ. ಅವರಿಗೆ ಮಗು ಸಿಗೋದೇ ಹುಟ್ಟಿದ ಕೂಡಲೇ, ಹಾಗಾಗಿ ವಯಸ್ಸಿನ ಪ್ರಶ್ನೆ ಬರಲ್ಲ. ದತ್ತು ತಾಯಿಗೆ ಆ ಪ್ರಶ್ನೆಯೇ ಎಲ್ಲ.

ಈಗ ನಮ್ಮ ಆ ಮಗುವಿನ ದಿನಗಳನ್ನು ಒಂದೊಂದಾಗಿ ನೋಡೋಣ. ದಯವಿಟ್ಟು ಮನಸ್ಸಲ್ಲೇ ಒಂದು ಕ್ಯಾಲೆಂಡರ್ ತೆರೆದಿಟ್ಟುಕೊಳ್ಳಿ.

ಜನವರಿ 10ಕ್ಕೆ ಮಗು ಹುಟ್ಟಿತು. ಹೆತ್ತ ತಾಯಿಗೆ ಸಾಕೋಕೆ ಆಗದ ಸ್ಥಿತಿ. ಜನವರಿ 14ಕ್ಕೆ ಅವರು ಮಕ್ಕಳ ಕಲ್ಯಾಣ ಸಮಿತಿ ಮುಂದೆ ಮಗುವನ್ನು ಒಪ್ಪಿಸಿದರು. ಇಲ್ಲಿಂದ ಬಾಲನ್ಯಾಯ ಕಾಯ್ದೆ ಶುರು. ಒಪ್ಪಿಸಿದ ತಾಯಿಗೆ ಮನಸ್ಸು ಬದಲಾಯಿಸೋಕೆ ಎರಡು ತಿಂಗಳು ಸಮಯ ಕೊಡಬೇಕು. ಇದು ಬಹಳ ಒಳ್ಳೆ ನಿಯಮ, ಅದನ್ನು ಕಡಿಮೆ ಮಾಡಿ ಅಂತ ನಾನು ಯಾವತ್ತೂ ಹೇಳಲ್ಲ. ಹೆರಿಗೆಯಾದ ನಾಲ್ಕನೇ ದಿನಕ್ಕೆ ಸಹಿ ಹಾಕಿದ ಹೆಂಗಸಿಗೆ ಯೋಚಿಸೋಕೆ ಅಷ್ಟು ಸಮಯ ಬೇಕೇ ಬೇಕು. ಆದರೆ ಲೆಕ್ಕ ನೋಡಿ. ಆ ಗಡುವು ಮುಗಿಯುವಾಗ ಮಾರ್ಚ್ ಮಧ್ಯಕ್ಕೆ ಬಂದಿದ್ದೇವೆ. ಮಗುವಿಗೆ ಎರಡು ತಿಂಗಳು ದಾಟಿದೆ. ದತ್ತು ತಗೊಳ್ಳುವ ಅಪ್ಪ ಅಮ್ಮನಿಗೆ ಅಂಥದೊಂದು ಮಗು ಇದೆ ಅನ್ನೋದೇ ಇನ್ನೂ ಗೊತ್ತಿಲ್ಲ.

ಮಾರ್ಚ್ 20ಕ್ಕೆ ಸಮಿತಿ ಮಗುವನ್ನು ದತ್ತಿಗೆ ಮುಕ್ತ ಎಂದು ಘೋಷಿಸಿತು. ದತ್ತು ಸಂಸ್ಥೆಯವರು ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿ ತಯಾರಿಸಿ ಕಾರಾದ ಪೋರ್ಟಲ್‌ಗೆ ಹಾಕಿದರು. ಕಾರಾ ಅಂದರೆ ದತ್ತು ವಿಷಯ ನೋಡಿಕೊಳ್ಳುವ ಕೇಂದ್ರ ಪ್ರಾಧಿಕಾರ. ಮಾರ್ಚ್ 30ಕ್ಕೆ ನಮ್ಮ ಉದ್ಯೋಗಿಯ ಫೋನ್‌ಗೆ ಮೆಸೇಜ್ ಬಂತು: ನಿಮಗೊಂದು ಮಗು ಇದೆ. ವರ್ಷಗಟ್ಟಲೆ ಕಾದಿದ್ದ ಮೆಸೇಜ್ ಅದು. 48 ಗಂಟೆಯೊಳಗೆ ಮಗುವನ್ನು ಕಾಯ್ದಿರಿಸಬೇಕು. ಅವರು ಅವತ್ತೇ ಮಾಡಿದರು.

ಕಾಯ್ದಿರಿಸಿದ ಮೇಲೆ, ಹೋಗಿ ಮಗುವನ್ನು ನೋಡಿ, ಕಾಗದ ಓದಿ ಒಪ್ಪಿಗೆ ಕೊಡೋಕೆ 30 ದಿನ ಇರುತ್ತೆ. ಈ ಸಮಯ ಸುಮ್ನೆ ಕೊಟ್ಟಿದ್ದಲ್ಲ. ವೈದ್ಯಕೀಯ ವರದಿಯನ್ನು ನಿಮ್ಮದೇ ಮಕ್ಕಳ ಡಾಕ್ಟರಿಗೆ ತೋರಿಸಬಹುದು, ಅನುಮಾನ ಇದ್ದರೆ ಮತ್ತೆ ಪರೀಕ್ಷೆ ಮಾಡಿಸಬಹುದು. ಇವರು ಒಂದು ವಾರ ತಗೊಂಡರು. ವರದಿಯಲ್ಲಿ ಹುಟ್ಟಿದಾಗಿನ ತೂಕ ಕಡಿಮೆ ಅಂತ ಇತ್ತು, ಅದನ್ನು ಡಾಕ್ಟರ ಹತ್ತಿರ ಕೇಳಿಕೊಂಡರು. ಏಪ್ರಿಲ್ 6ಕ್ಕೆ ಸಂಸ್ಥೆಗೆ ಹೋಗಿ ಸಹಿ ಹಾಕಿದರು. ಸಹಿಯಾದ 10 ದಿನದೊಳಗೆ ಮಗುವನ್ನು ದತ್ತು ಪೂರ್ವ ಪೋಷಣೆ ಅಂತ ಮನೆಗೆ ಕಳಿಸಬೇಕು. ಎಂಟನೇ ದಿನ, ಏಪ್ರಿಲ್ 14ಕ್ಕೆ, ಮಗು ಮನೆಗೆ ಬಂತು.

ಯಾರೂ ತಡ ಮಾಡಿಲ್ಲ. ಸಮಿತಿ, ಸಂಸ್ಥೆ, ಪೋರ್ಟಲ್, ದಂಪತಿ, ಎಲ್ಲರೂ ಗಡುವಿನೊಳಗೇ ಇದ್ದಾರೆ. ಆದರೂ ನಾಲ್ಕು ದಿನ ಹೆಚ್ಚಾಯಿತು. ಡಾಕ್ಟರ ಹತ್ತಿರ ಹೋಗದೆ, ವರದಿ ಓದದೆ, ಎರಡನೇ ದಿನಕ್ಕೇ ಸಹಿ ಹಾಕಿದ್ದರೆ 12 ವಾರದ ಸಂಬಳ ಸಿಕ್ಕಿರುತ್ತಿತ್ತು. ಅಂದರೆ ಮಗು ಬಗ್ಗೆ ಎಷ್ಟು ಕಡಿಮೆ ಯೋಚಿಸುತ್ತೀರೋ ಅಷ್ಟು ರಜೆಗೆ ಹತ್ತಿರ. ಕಾಯ್ದೆ ಬರೆದವರ ಉದ್ದೇಶ ಇದಾಗಿರಲಿಕ್ಕಿಲ್ಲ, ಆದರೆ ಒಂದು ಕಾಯ್ದೆಯನ್ನು ಇನ್ನೊಂದರ ಪಕ್ಕ ಇಟ್ಟು ಯಾರೂ ದಿನ ಎಣಿಸಲಿಲ್ಲ ಅನ್ನೋದು ಖಂಡಿತ.

ಇದು ತಾಯಿಯೇ ಒಪ್ಪಿಸಿದ ಮಗುವಿನ ಕಥೆ, ಇದರಲ್ಲಿ ಹುಟ್ಟಿದ ದಿನಾಂಕವಾದರೂ ಗೊತ್ತಿದೆ. ಬಿಟ್ಟುಹೋದ ಮಗು ಸಿಕ್ಕಿದರೆ? ಅಪ್ಪ ಅಮ್ಮನನ್ನು ಹುಡುಕಬೇಕು, ಪ್ರಕಟಣೆ ಕೊಡಬೇಕು. ಎರಡು ವರ್ಷದೊಳಗಿನ ಮಗುವಾದರೆ ದತ್ತಿಗೆ ಮುಕ್ತ ಅಂತ ಘೋಷಿಸೋಕೆ ಎರಡು ತಿಂಗಳ ಅವಧಿ. ಇನ್ನೊಂದು ವಿಚಿತ್ರ ಅಂದರೆ, ಅಂಥ ಮಗುವಿನ ಹುಟ್ಟಿದ ದಿನಾಂಕವೇ ಅಂದಾಜು. ಡಾಕ್ಟರು ನೋಡಿ, ಸುಮಾರು ಇಷ್ಟು ದಿನದ ಮಗು ಅಂತಾರೆ, ಅದರ ಮೇಲೆ ಒಂದು ದಿನಾಂಕ ಗೊತ್ತುಮಾಡುತ್ತಾರೆ. ಆ ಅಂದಾಜಿನ ದಿನಾಂಕ ಹಿಡಿದು ನಾನು ಎಚ್‌ಆರ್ ಕುರ್ಚಿಯಲ್ಲಿ ಕೂತು ನಾಲ್ಕು ದಿನ ಜಾಸ್ತಿ ಅಂತ ಹೇಳುತ್ತೇನೆ!

ಹಾಗಾದರೆ ಈ 12 ವಾರದ ರಜೆ ಯಾರಿಗೆ ಸಿಗುತ್ತೆ? ಹೆಚ್ಚಾಗಿ ಸಂಬಂಧಿಕರ ಮಗುವನ್ನು ತಗೊಂಡವರಿಗೆ. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ 1956ರ ಪ್ರಕಾರ ತಂಗಿಯ ಮಗುವನ್ನೋ ಮೈದುನನ ಮಗುವನ್ನೋ ಕೊಟ್ಟು ತಗೊಂಡರೆ ಸಮಿತಿ, ಪೋರ್ಟಲ್ ಯಾವುದೂ ಬರಲ್ಲ. ಹುಟ್ಟಿದ ತಿಂಗಳೊಳಗೆ ಮಗು ಕೈಗೆ ಬರಬಹುದು. ದತ್ತು ಪತ್ರ ನೋಂದಣಿ ಮಾಡಿಸಿಟ್ಟುಕೊಂಡರೆ ಆಫೀಸಿನಲ್ಲಿ ತಕರಾರು ಕಡಿಮೆ. ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಬೇಗ ಮಗು ಸಿಗುತ್ತೆ ಅಂತ ಯಾರೋ ನರ್ಸಿಂಗ್ ಹೋಂನಿಂದ ಕೊಡಿಸಿ, ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿಕೊಟ್ಟರೆ ಅದು ದತ್ತು ಅಲ್ಲ. ರಜೆ ಸಿಗಲ್ಲ, ಅದು ಸಣ್ಣ ವಿಷಯ. ಬಾಲನ್ಯಾಯ ಕಾಯ್ದೆಯಲ್ಲಿ ಅದಕ್ಕೆ ಮೂರು ವರ್ಷದವರೆಗೆ ಜೈಲಿದೆ.

ಈಗ ಅದೇ ಮಗುವನ್ನು ಬೇರೆ ಮನೆಗೆ ಕಳಿಸೋಣ. ತಾಯಿ ಕೇಂದ್ರ ಸರ್ಕಾರಿ ನೌಕರಿಯಲ್ಲಿದ್ದಾರೆ ಅಂದುಕೊಳ್ಳಿ. ಅವರಿಗೆ ಹೆರಿಗೆ ಸೌಲಭ್ಯ ಕಾಯ್ದೆಯ ಲೆಕ್ಕ ಬರಲ್ಲ, 1972ರ ರಜೆ ನಿಯಮಗಳಿವೆ. ಹೆರಿಗೆ ರಜೆ 180 ದಿನ. ದತ್ತು ರಜೆಯೂ 180 ದಿನ. ಮಗುವಿಗೆ ಒಂದು ವರ್ಷ ತುಂಬಿರಬಾರದು, ಅವರಿಗೆ ಎರಡಕ್ಕಿಂತ ಕಡಿಮೆ ಮಕ್ಕಳಿರಬೇಕು, ಅಷ್ಟೇ. ಮೂರು ತಿಂಗಳು ನಾಲ್ಕು ದಿನದ ಮಗು ಅಲ್ಲಿ ಆರಾಮಾಗಿ ಒಳಗೆ ಬರುತ್ತೆ. ಒಂದೇ ಮಗು, ಒಂದೇ ದಿನ, ಒಂದೇ ದೇಶ. ಒಬ್ಬ ತಾಯಿಗೆ 180 ದಿನ, ಇನ್ನೊಬ್ಬ ತಾಯಿಗೆ ಏನೂ ಇಲ್ಲ.

ಮೂರು ತಿಂಗಳ ಈ ಗೆರೆಯನ್ನು 2021ರಲ್ಲಿ ಒಬ್ಬ ದತ್ತು ತಾಯಿ ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಿದ್ದಾರೆ. ಕಳೆದ ತಿಂಗಳು, ಅಂದರೆ 2024ರ ನವೆಂಬರ್‌ನಲ್ಲಿ, ಮೂರು ತಿಂಗಳು ಅಂತ ಇಟ್ಟಿದ್ದಕ್ಕೆ ಏನು ಕಾರಣ ಅಂತ ಕೋರ್ಟ್ ಕೇಂದ್ರವನ್ನು ಕೇಳಿದೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯನ್ನೂ ನಾನು ತೆಗೆದು ನೋಡಿದೆ. 60ನೇ ಸೆಕ್ಷನ್‌ನಲ್ಲಿ ಅದೇ ಮೂರು ತಿಂಗಳನ್ನು ಹಾಗೇ ಎತ್ತಿಟ್ಟಿದ್ದಾರೆ. ಹಾಗಾಗಿ ಅರ್ಜಿ ಹಾಕುವವರು ಅವತ್ತಿನ ದಿನಕ್ಕೆ ಆ ಪ್ರಕರಣ ಎಲ್ಲಿಗೆ ಬಂದಿದೆ ಅಂತ ಒಮ್ಮೆ ನೋಡಿಕೊಳ್ಳಿ.

ಇಲ್ಲಿ ಒಬ್ಬರು ಕೈ ಎತ್ತಿ ಕೇಳಿದರು. "ಹೆತ್ತ ತಾಯಿಗೆ ಮೈ ಸುಧಾರಿಸಬೇಕು, ಹಾಲು ಕುಡಿಸಬೇಕು. ದತ್ತು ತಾಯಿಗೆ ಅಷ್ಟೇ ರಜೆ ಯಾಕೆ?" ನ್ಯಾಯವಾದ ಪ್ರಶ್ನೆ. ಉತ್ತರ ಕಾಯ್ದೆಯೊಳಗೇ ಇದೆ. ನಾಲ್ಕನೇ ಸೆಕ್ಷನ್ ಪ್ರಕಾರ ಹೆರಿಗೆಯಾದ ಆರು ವಾರ ಮಹಿಳೆಯನ್ನು ಕೆಲಸಕ್ಕೆ ಹಚ್ಚಲೇಬಾರದು, ಆಕೆಯೇ ಬಂದರೂ. ಇದು ಪೂರ್ತಿ ಮೈಗೆ ಸಂಬಂಧಿಸಿದ್ದು. 26ರಲ್ಲಿ ಆ 6 ವಾರ ಕಳೆದರೆ 20 ವಾರ ಉಳಿಯುತ್ತೆ. ಅದರಲ್ಲಿ ಸ್ವಲ್ಪ ಹೆರಿಗೆಗೆ ಮೊದಲಿನ ವಿಶ್ರಾಂತಿ. ಮಿಕ್ಕಿದ್ದು ಯಾತಕ್ಕೆ? ರಾತ್ರಿ ಎದ್ದು ಎತ್ತಿಕೊಳ್ಳೋಕೆ, ಲಸಿಕೆ ಹಾಕಿಸೋಕೆ, ಮಗುವಿಗೆ ಈ ಕೈ ನಮ್ಮದು ಅಂತ ಗೊತ್ತಾಗೋಕೆ. ಈ ಭಾಗ ಹೆತ್ತವರಿಗೂ ದತ್ತು ತಗೊಂಡವರಿಗೂ ಒಂದೇ. ನಿಜ ಹೇಳಬೇಕೆಂದರೆ ಹತ್ತು ತಿಂಗಳ ಮಗು ಸಂಸ್ಥೆಯ ಆಯಾಗಳನ್ನು ಬಿಟ್ಟು ಹೊಸ ಮನೆಗೆ ಬಂದಾಗ ಈ ಕೆಲಸ ಜಾಸ್ತಿಯೇ ಆಗುತ್ತೆ. ಅದಕ್ಕೆ ಈಗಾಗಲೇ ಜನರ ಮುಖ ಗುರುತಿದೆ, ಇವರು ಯಾರೋ ಹೊಸಬರು. ಆ ಮಗುವಿನ ತಾಯಿಗೆ ನಮ್ಮ ಕಾಯ್ದೆಯಲ್ಲಿ ಒಂದು ದಿನವೂ ಇಲ್ಲ.

ಇದೇ ಕತ್ತರಿಯಲ್ಲಿ ಅಪ್ಪನ ರಜೆಯನ್ನೂ ಕತ್ತರಿಸಿ ನೋಡಿ. ಅಪ್ಪನ ಮೈ ಸುಧಾರಿಸಬೇಕಿಲ್ಲ, ಸರಿ, 6 ವಾರ ಬೇಡ. ಮಗು ನೋಡಿಕೊಳ್ಳುವ ಭಾಗ? ಖಾಸಗಿ ವಲಯಕ್ಕೆ ಪಿತೃತ್ವ ರಜೆಯ ಕಾಯ್ದೆಯೇ ನಮ್ಮಲ್ಲಿಲ್ಲ. 2017ರಲ್ಲಿ ಲೋಕಸಭೆಯಲ್ಲಿ ಒಬ್ಬ ಸದಸ್ಯರು ಖಾಸಗಿ ಮಸೂದೆ ತಂದರು, ಅದು ಕಾಯ್ದೆಯಾಗಲಿಲ್ಲ. ಕಂಪನಿ ಕೊಟ್ಟರೆ ಉಂಟು. ಕೊಡದಿದ್ದರೆ ಯಾವ ಕಾಯ್ದೆ ತೋರಿಸಿ ಕೇಳುತ್ತೀರಿ?

ಕೇಂದ್ರ ಸರ್ಕಾರಿ ನೌಕರನಿಗೆ 15 ದಿನ ಇದೆ, ಪೂರ್ತಿ ಸಂಬಳದ ಮೇಲೆ. ಹೆರಿಗೆಗೆ 15 ದಿನ ಮೊದಲಿನಿಂದ ಹಿಡಿದು, ಹೆರಿಗೆಯಾದ ಆರು ತಿಂಗಳೊಳಗೆ ತಗೊಳ್ಳಬೇಕು. ತಗೊಳ್ಳದಿದ್ದರೆ ಹೋಯಿತು, ಮುಂದಕ್ಕೆ ಸೇರಲ್ಲ. ದತ್ತು ತಗೊಂಡರೂ 15 ದಿನ, ಮಗುವಿಗೆ ಒಂದು ವರ್ಷ ತುಂಬಿರಬಾರದು, ದತ್ತಾದ ಆರು ತಿಂಗಳೊಳಗೆ ಮುಗಿಸಬೇಕು. ಇದಕ್ಕೂ ಎರಡಕ್ಕಿಂತ ಕಡಿಮೆ ಮಕ್ಕಳಿರಬೇಕು. ನಮ್ಮ ಉದ್ಯೋಗಿಯ ಗಂಡ ಕೇಂದ್ರ ಸರ್ಕಾರಿ ನೌಕರ. ಆ ಮನೆಯ ಲೆಕ್ಕ ಹೀಗಾಯಿತು: ಅಪ್ಪನಿಗೆ ದತ್ತು ರಜೆ 15 ದಿನ, ಅಮ್ಮನಿಗೆ ಸೊನ್ನೆ. ಅಪ್ಪ ಅಮ್ಮನಿಗಿಂತ ಜಾಸ್ತಿ ರಜೆ ಪಡೆದ ಮನೆಯನ್ನು ನಾನು ನೋಡಿದ್ದು ಅದೊಂದೇ.

ಬೇರೆ ಕಡೆ ಇದನ್ನು ಬೇರೆ ರೀತಿ ಬಿಡಿಸಿದ್ದಾರೆ. ಬ್ರಿಟನ್ನಿನಲ್ಲಿ ದತ್ತು ರಜೆ ಹೆರಿಗೆ ರಜೆಯಷ್ಟೇ, 52 ವಾರ. ಅದರಲ್ಲಿ ಕಾಯ್ದೆಯ ಪ್ರಕಾರ ಹಣ ಬರೋದು 39 ವಾರಕ್ಕೆ. ನನಗೆ ಇಷ್ಟವಾಗಿದ್ದು ಆ ಅಂಕಿಗಿಂತ ಅದರ ಹಂಚಿಕೆ. ದಂಪತಿ ಜೊತೆಯಾಗಿ ದತ್ತು ತಗೊಂಡರೆ ಒಬ್ಬರು ದತ್ತು ರಜೆ ತಗೊಳ್ಳಬಹುದು, ಇನ್ನೊಬ್ಬರು ಪಿತೃತ್ವ ರಜೆ. ಯಾರು ಯಾವುದು ಅಂತ ಅವರೇ ತೀರ್ಮಾನಿಸುತ್ತಾರೆ. ಗಂಡ ಉದ್ದದ್ದು ತಗೊಂಡು ಹೆಂಡತಿ ಎರಡು ವಾರದ್ದು ತಗೊಳ್ಳಬಹುದು. ದತ್ತಿನಲ್ಲಿ ಹೆರಿಗೆ ಇಲ್ಲವಲ್ಲ, ಮತ್ತೆ ಉದ್ದದ ರಜೆ ಹೆಂಗಸಿಗೇ ಯಾಕೆ ಅಂಟಿಕೊಂಡಿರಬೇಕು?

ನಮ್ಮಲ್ಲಿ ಮಾಲೀಕರ ಭಯಕ್ಕೂ ಒಂದು ಕಾರಣ ಇದೆ, ಅದನ್ನು ಮುಚ್ಚಿಡಬಾರದು. ಇಎಸ್‌ಐ ಆಚೆ, 26 ವಾರದ ಸಂಬಳ ಒಬ್ಬ ಮಾಲೀಕನ ಜೇಬಿನಿಂದಲೇ ಹೋಗುತ್ತೆ. ಹತ್ತು ಜನರ ಸಣ್ಣ ಆಫೀಸಿಗೆ ಅದು ಭಾರ. ಮದುವೆಯಾದ ಹುಡುಗಿಯರನ್ನು ಸಂದರ್ಶನದಲ್ಲಿ ಹೇಗೆ ಅಳೆಯುತ್ತಾರೆ ಅಂತ ಆ ಮೇಜಿನ ಈಚೆ ಕೂತು ನೋಡಿದ್ದೇನೆ. ದುಡ್ಡು ಎಲ್ಲರೂ ಸೇರಿ ಕಟ್ಟಿದ ನಿಧಿಯಿಂದ ಬಂದರೆ, ಅಪ್ಪನಿಗೂ ರಜೆ ಇದ್ದರೆ, ಆ ಅಳತೆ ಸ್ವಲ್ಪವಾದರೂ ಕಡಿಮೆಯಾಗುತ್ತೆ ಅಂತ ನನಗನಿಸುತ್ತೆ.

ದತ್ತಿಗೆ ನೋಂದಾಯಿಸಿದವರು ಈ ಸಭೆಯಲ್ಲಿದ್ದರೆ ಅವರಿಗೆ ಮೂರು ವಿಷಯ ಹೇಳುತ್ತೇನೆ. ಮಗುವಿನ ಮೆಸೇಜ್ ಬರುವ ಮುಂಚೆಯೇ ಕಂಪನಿಯ ರಜೆ ನೀತಿಯನ್ನು ತೆಗೆಸಿ ಓದಿ. ಕೆಲವು ಕಂಪನಿಗಳು ಕಾಯ್ದೆಗಿಂತ ಹೆಚ್ಚು ಕೊಡುತ್ತವೆ, ಮಗುವಿನ ವಯಸ್ಸು ನೋಡಲ್ಲ. ಕಾಯ್ದೆಯಲ್ಲಿರೋದು ಕನಿಷ್ಠ, ಅದರ ಮೇಲೆ ಕೊಡೋಕೆ ಯಾರ ಅಡ್ಡಿಯೂ ಇಲ್ಲ. ನೀತಿಯಲ್ಲಿ ದತ್ತು ಅನ್ನೋ ಪದವೇ ಇಲ್ಲದಿದ್ದರೆ ಬರವಣಿಗೆಯಲ್ಲಿ ಕೇಳಿ, ಬರವಣಿಗೆಯಲ್ಲೇ ಉತ್ತರ ಪಡೆಯಿರಿ. ಮೆಸೇಜ್ ಬಂದ ಮೇಲೆ ಯಾರಿಗೂ ವಾದ ಮಾಡುವ ಪುರುಸೊತ್ತು ಇರಲ್ಲ.

ಎರಡನೆಯದು ದಿನಾಂಕ. ದತ್ತಿನಲ್ಲಿ ಎರಡು ದಿನಾಂಕ ಬರುತ್ತೆ. ಮಗು ಮನೆಗೆ ಬಂದ ದಿನ ಒಂದು, ಜಿಲ್ಲಾಧಿಕಾರಿಯ ದತ್ತು ಆದೇಶದ ದಿನ ಇನ್ನೊಂದು. ಆದೇಶ ಬರೋದು ಆಮೇಲೆ, ಕೆಲವೊಮ್ಮೆ ತಿಂಗಳುಗಳ ನಂತರ. "ಆದೇಶ ತನ್ನಿ, ಅವತ್ತಿನಿಂದ ರಜೆ ಕೊಡ್ತೀವಿ" ಅಂತ ಆಫೀಸಿನವರು ಹೇಳುವುದುಂಟು, ನಾನೂ ಹೇಳಿದ್ದೇನೆ. ಅದು ತಪ್ಪು. ಐದನೇ ಸೆಕ್ಷನ್ ರಜೆಯನ್ನು ಎಣಿಸೋದು ಮಗುವನ್ನು ಕೈಗೆ ಒಪ್ಪಿಸಿದ ದಿನದಿಂದ. ಆದ್ದರಿಂದ ದತ್ತು ಪೂರ್ವ ಪೋಷಣೆಗೆ ಕೊಟ್ಟ ಪತ್ರದಲ್ಲಿ ದಿನಾಂಕ ಸರಿಯಾಗಿದೆಯಾ ಅಂತ ಅಲ್ಲೇ ನಿಂತು ನೋಡಿ, ಒಂದು ಪ್ರತಿ ಜೊತೆಗೇ ತನ್ನಿ. ಮಗುವನ್ನು ಎತ್ತಿಕೊಂಡ ಖುಷಿಯಲ್ಲಿ ಇದು ಮರೆತೇ ಹೋಗುತ್ತೆ.

ಮೂರನೆಯದು ಆ 80 ದಿನದ ಷರತ್ತು. ಕಾಯ್ದೆ ಅದನ್ನು ಎಣಿಸೋದು ನಿರೀಕ್ಷಿತ ಹೆರಿಗೆ ದಿನದಿಂದ ಹಿಂದಕ್ಕೆ. ದತ್ತಿನಲ್ಲಿ ನಿರೀಕ್ಷಿತ ಹೆರಿಗೆ ದಿನ ಅಂತ ಒಂದು ಇರೋದೇ ಇಲ್ಲ. ನಾವು ಮಗು ಮನೆಗೆ ಬಂದ ದಿನದಿಂದ ಎಣಿಸುತ್ತಿದ್ದೆವು. ಕಾಯುವ ಪಟ್ಟಿಯಲ್ಲಿ ನಿಮ್ಮ ಹೆಸರು ಮೇಲೆ ಬಂದಿರುವಾಗ ಕೆಲಸ ಬದಲಾಯಿಸುವವರು ಇದನ್ನು ನೆನಪಿಡಿ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಯುವಕ ಕೇಳಿದರು. ಮದುವೆಯಾಗಿಲ್ಲವಂತೆ, ಗಂಡು ಮಗುವನ್ನು ದತ್ತು ತಗೊಳ್ಳೋಕೆ ನೋಂದಾಯಿಸಿದ್ದಾರಂತೆ. ಒಂಟಿ ಗಂಡಸಿಗೆ ಹೆಣ್ಣು ಮಗುವನ್ನು ದತ್ತು ಕೊಡಲ್ಲ, ಗಂಡು ಮಗುವಿಗೆ ಅಡ್ಡಿಯಿಲ್ಲ. "ನಂಗೆಷ್ಟು ದಿನ ಸಿಗುತ್ತೆ?" ಅಂದರು. ಎಲ್ಲಿ ಕೆಲಸ ಅಂತ ಕೇಳಿದೆ. ಖಾಸಗಿ ಕಂಪನಿ. ಕೇಂದ್ರ ಸರ್ಕಾರದಲ್ಲಿದ್ದರೆ 15 ದಿನ, ಅದಲ್ಲದೆ ಒಂಟಿ ತಂದೆ ಅಂತ ಇಡೀ ಸೇವೆಯಲ್ಲಿ 730 ದಿನದವರೆಗೆ ಶಿಶುಪಾಲನಾ ರಜೆಯೂ ಇರುತ್ತಿತ್ತು ಅಂದೆ. ಕಾಯ್ದೆಯ ಪ್ರಕಾರ ಅವರಿಗೆ ಸಿಗೋದು ಸೊನ್ನೆ. ಅವರು ನಕ್ಕು, ತಮ್ಮ ಖಾತೆಯಲ್ಲಿ 31 ಗಳಿಕೆ ರಜೆ ಕೂಡಿಟ್ಟಿದ್ದೇನೆ ಅಂದರು. ಮುಂದಿನ ವರ್ಷಕ್ಕೆ ಎಷ್ಟು ಸೇರುತ್ತೆ, ಎಷ್ಟು ಕೊಳೆಯುತ್ತೆ ಅಂತ ನೀತಿ ಓದಿ ನೋಡಿ ಅಂದೆ. ಮೊಬೈಲ್ ತೆಗೆದು ಅಲ್ಲೇ ಹುಡುಕೋಕೆ ಶುರು ಮಾಡಿದರು.